ಅಂಗಡಿಗೆ ಮೊದಲ ನೌಕರ: ಸಂಬಳ ಗೊತ್ತುಮಾಡುವುದರಿಂದ ವೇತನ ಚೀಟಿಯವರೆಗೆ

ಮೈಸೂರಿನಲ್ಲಿ ಸಣ್ಣ ಅಂಗಡಿಗಳ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕಸುಬು. ಮೊದಲ ಸಲ ಕೆಲಸಕ್ಕೆ ಜನ ಇಟ್ಟುಕೊಳ್ಳುವವರು ಬಂದು ಕುಳಿತರೆ ಅವರ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: “ಪಿಎಫ್, ಇಎಸ್‌ಐ ಎಲ್ಲ ಮಾಡಿಸ್ಬೇಕಾ ಸಾರ್?” ಒಬ್ಬರೇ ನೌಕರರಾದರೆ ಬೇಡ. ಇಎಸ್‌ಐ ಕಡ್ಡಾಯವಾಗುವುದು ನೌಕರರು 10 ಜನ ಆದಾಗ, ಪಿಎಫ್ 20 ಜನ ಆದಾಗ. ಆದರೆ ಅವರು ಕೇಳದೇ ಬಿಡುವ ಮೂರು ಸಂಗತಿಗಳಿವೆ. ಅಂಗಡಿಯ ನೋಂದಣಿ, ನೇಮಕಾತಿ ಆದೇಶ, ಹಾಜರಿ ಮತ್ತು ವೇತನದ ವಹಿ. ಇವು ಒಬ್ಬನೇ ನೌಕರನಿದ್ದರೂ ಬೇಕು.

ಯಾಕೆ ಬೇಕು ಎನ್ನುವುದಕ್ಕೆ ದಂಡಕ್ಕಿಂತ ದೊಡ್ಡ ಕಾರಣವಿದೆ. 2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಕನಿಷ್ಠ ವೇತನ ಕಾಯ್ದೆ, ವೇತನ ಪಾವತಿ ಕಾಯ್ದೆ ಮುಂತಾದವೆಲ್ಲ ಈಗ ವೇತನ ಸಂಹಿತೆಯೊಳಗೆ ಸೇರಿಹೋಗಿವೆ. ಅದರ 59ನೇ ಕಲಮಿನ ಪ್ರಕಾರ, ಸಂಬಳ ಕೊಟ್ಟಿಲ್ಲ ಎಂದು ನೌಕರ ದೂರು ಕೊಟ್ಟರೆ, ಕೊಟ್ಟಿದ್ದೇನೆ ಎಂದು ಸಾಬೀತು ಮಾಡಬೇಕಾದವನು ಮಾಲೀಕ. ಹಾಗೆ ದೂರು ಕೊಡಲು ಅವನಿಗೆ ಮೂರು ವರ್ಷ ಕಾಲಾವಕಾಶವಿದೆ. ಮೂರು ವರ್ಷದ ಹಿಂದಿನ ಒಂದು ದಸರಾದಲ್ಲಿ ಕೈಗೆ ಕೊಟ್ಟ ಓವರ್‌ಟೈಮ್ ದುಡ್ಡನ್ನು ನೀವು ಬಾಯಿಮಾತಲ್ಲಿ ಸಾಬೀತು ಮಾಡಲಾರಿರಿ. ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದರ ಜೊತೆಗೇ ಮುಂದುವರಿದಿದೆ. ಕೆಲಸದ ಹೊತ್ತು, ರಜೆ, ನೇಮಕಾತಿ ಆದೇಶ ಇವಕ್ಕೆಲ್ಲ ನೋಡಬೇಕಾದದ್ದು ಅದನ್ನು.

ಮಾತು ಗಾಳಿಯಲ್ಲಿ ಹೋಗದಿರಲೆಂದು ಒಂದು ಉದಾಹರಣೆ ಹಿಡಿಯೋಣ. ಕುವೆಂಪುನಗರದಲ್ಲಿ ಕಾಫಿ ಪುಡಿ ಮಾರುವ ಒಂದು ಅಂಗಡಿ. ಒಂದು ಪುಡಿ ಮಾಡುವ ಯಂತ್ರ, ಒಂದು ತಕ್ಕಡಿ, ಇಷ್ಟು ದಿನ ಮಾಲಕಿಯೊಬ್ಬರೇ ನಡೆಸಿದ್ದು. ಆಗಸ್ಟ್ 1ರಿಂದ ನಂಜನಗೂಡಿನಿಂದ ಓಡಾಡುವ ಒಬ್ಬ ಹುಡುಗನನ್ನು ತೆಗೆದುಕೊಳ್ಳುತ್ತಾರೆ.

ಮೊದಲು ಸಂಬಳ, ಆಮೇಲೆ ಕಾಗದ

ಬಹಳ ಜನ ಪಕ್ಕದ ಅಂಗಡಿಯವರನ್ನು ಕೇಳಿ ಸಂಬಳ ಗೊತ್ತುಮಾಡುತ್ತಾರೆ. ಕೇಳಿ, ತಪ್ಪಿಲ್ಲ. ಆದರೆ ಅದಕ್ಕೆ ಮೊದಲು ಕಾರ್ಮಿಕ ಇಲಾಖೆಯ ಜಾಲತಾಣದಲ್ಲಿ ಈಗ ಚಾಲ್ತಿಯಲ್ಲಿರುವ ಕನಿಷ್ಠ ವೇತನದ ಅಧಿಸೂಚನೆ ತೆಗೆದು ಮೂರು ಅಂಶ ನೋಡಿ.

ಒಂದು, ನಿಮ್ಮ ಉದ್ದಿಮೆ ಯಾವ ಪಟ್ಟಿಯಲ್ಲಿ ಬರುತ್ತದೆ ಎಂಬುದು. ಕಾಫಿ ಎಂಬ ಪದ ಕಂಡಿತೆಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ ದರ ಹಿಡಿಯಬೇಡಿ. ಅದು ಬೀಜ ಹಸನು ಮಾಡುವ ದೊಡ್ಡ ಘಟಕಗಳದ್ದು. ಚಿಲ್ಲರೆಗೆ ಪುಡಿ ಮಾರುವ ಅಂಗಡಿ ‘ಅಂಗಡಿ ಮತ್ತು ವಾಣಿಜ್ಯ ಸಂಸ್ಥೆ’ಗಳ ಪಟ್ಟಿಗೆ ಸೇರುತ್ತದೆ. ಎರಡು, ವಲಯ. ಊರಿನ ದರ್ಜೆಯ ಮೇಲೆ ವಲಯ ಬೇರೆಯಾಗುವುದರಿಂದ ಮೈಸೂರಿನ ದರವನ್ನೇ ಮಂಡ್ಯದ ಅಂಗಡಿಗೆ ಹಿಡಿಯಬಾರದು. ವಲಯದ ವಿವರವನ್ನು ಅಧಿಸೂಚನೆಯಲ್ಲೇ ಕೊಟ್ಟಿರುತ್ತಾರೆ. ಮೂರು, ಕೆಲಸದ ವರ್ಗ: ಅಕುಶಲ, ಅರೆಕುಶಲ, ಕುಶಲ. ಬರೀ ಗುಡಿಸಿ ಮೂಟೆ ಎತ್ತಿಡುವವನನ್ನೂ ಯಂತ್ರ ನಡೆಸಿ ಬಿಲ್ ಬರೆಯುವವನನ್ನೂ ಒಂದೇ ಸಾಲಿನಲ್ಲಿ ಕೂರಿಸಲಾಗದು.

ಅಲ್ಲಿ ಮೂಲ ವೇತನ, ವ್ಯತ್ಯಾಸವಾಗುವ ತುಟ್ಟಿಭತ್ಯೆ ಎಂದು ಎರಡು ಅಂಕಣ ಇರುತ್ತವೆ. ಎರಡನ್ನೂ ಕೂಡಿಸಿದ ಮೊತ್ತವೇ ಕನಿಷ್ಠ ವೇತನ. ಮೂಲ ವೇತನ ಮಾತ್ರ ನೋಡಿ “ನಾನು ಜಾಸ್ತಿನೇ ಕೊಡ್ತಿದೀನಿ” ಎಂದುಕೊಂಡವರನ್ನು ಎಷ್ಟೋ ಕಂಡಿದ್ದೇನೆ. ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ಕ್ಕೆ ಪರಿಷ್ಕರಣೆಯಾಗುತ್ತದೆ. ಹಾಗಾಗಿ ಈ ವರ್ಷ ಸರಿಯಿದ್ದ ಸಂಬಳ ಮುಂದಿನ ಏಪ್ರಿಲ್‌ನಲ್ಲಿ ನಿಮಗೆ ಗೊತ್ತಿಲ್ಲದೆಯೇ ಕಡಿಮೆ ಬಿದ್ದಿರಬಹುದು. ಮಧ್ಯಾಹ್ನದ ಊಟ, ಕಾಫಿ, ಹಬ್ಬಕ್ಕೆ ಬಟ್ಟೆ ಕೊಡುತ್ತೇನೆಂದು ಅದನ್ನು ಈ ಮೊತ್ತದಲ್ಲಿ ಮುರಿದುಕೊಳ್ಳುವುದು ಬೇಡ.

ನಮ್ಮ ಅಂಗಡಿಯಲ್ಲಿ ತಿಂಗಳಿಗೆ 20,800 ರೂಪಾಯಿ ಗೊತ್ತಾಯಿತು ಎನ್ನೋಣ. ಇದು ಸರ್ಕಾರದ ದರವಲ್ಲ, ಲೆಕ್ಕ ಸುಲಭವಾಗಲೆಂದು ಹಿಡಿದ ಅಂಕಿ. ದಿನದ ಸಂಬಳ ತೆಗೆಯಲು ತಿಂಗಳ ಮೊತ್ತವನ್ನು 26ರಿಂದ ಭಾಗಿಸಬೇಕು, 30ರಿಂದಲ್ಲ. ವಾರದ ರಜೆಯ ಸಂಬಳ ತಿಂಗಳ ಮೊತ್ತದಲ್ಲೇ ಸೇರಿದೆ ಎಂಬುದು ಇದರ ಹಿಂದಿನ ಲೆಕ್ಕ. 20,800 ಭಾಗ 26 ಅಂದರೆ ದಿನಕ್ಕೆ 800, ಎಂಟು ಗಂಟೆಯ ಕೆಲಸಕ್ಕೆ ಗಂಟೆಗೆ 100. ಈ ಎರಡು ಅಂಕಿಗಳನ್ನು ವಹಿಯ ಮೊದಲ ಪುಟದಲ್ಲೇ ಬರೆದಿಡಿ, ಮುಂದೆ ಎಲ್ಲಕ್ಕೂ ಬೇಕಾಗುತ್ತವೆ.

ಕೆಲಸದ ಹೊತ್ತನ್ನೂ ಆಗಲೇ ಗೊತ್ತುಮಾಡಿ. ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮಿತಿ. 5 ಗಂಟೆ ಒಟ್ಟಿಗೆ ದುಡಿಸಿದ ಮೇಲೆ ಒಂದು ಗಂಟೆ ಬಿಡುವು ಕೊಡಲೇಬೇಕು. ಬೆಳಿಗ್ಗೆ 10ರಿಂದ ಸಂಜೆ 7, ನಡುವೆ 2ರಿಂದ 3 ಊಟ, ವಾರಕ್ಕೆ ಆರು ದಿನ. ಇದು 48 ಗಂಟೆಗೆ ಸರಿಯಾಗಿ ಕೂರುತ್ತದೆ. ಆದರೆ ಇದಾದ ಮೇಲೆ ಒಂದು ಗಂಟೆ ಹೆಚ್ಚು ನಿಲ್ಲಿಸಿಕೊಂಡರೂ ಅದು ಓವರ್‌ಟೈಮ್.

ಅಂಗಡಿಯ ನೋಂದಣಿ

ಅಂಗಡಿ ತೆರೆದ 30 ದಿನದೊಳಗೆ ಕಾರ್ಮಿಕ ಇಲಾಖೆಯಲ್ಲಿ ನೋಂದಣಿ ಆಗಿರಬೇಕು. ಒಬ್ಬರೇ ನಡೆಸುವವರು ಇದನ್ನು ಬಿಟ್ಟಿರುತ್ತಾರೆ, ಪಾಲಿಕೆಯ ಟ್ರೇಡ್ ಲೈಸೆನ್ಸ್ ಇದೆಯಲ್ಲ ಎನ್ನುತ್ತಾರೆ. ಅದು ಬೇರೆ, ಇದು ಬೇರೆ. ಜಿಎಸ್‌ಟಿ, ಉದ್ಯಮ್ ಪ್ರಮಾಣಪತ್ರಗಳೂ ಇದರ ಬದಲಿಗೆ ಆಗುವುದಿಲ್ಲ.

ಅರ್ಜಿ ಹಾಕುವುದು ಇಲಾಖೆಯ ‘ಇ-ಕಾರ್ಮಿಕ’ ಪೋರ್ಟಲ್‌ನಲ್ಲಿ, ಫಾರಂ ಎ. ಮಾಲೀಕರ ಪಾನ್, ಗುರುತಿನ ಚೀಟಿ, ಅಂಗಡಿಯ ಬಾಡಿಗೆ ಕರಾರು ಅಥವಾ ವಿಳಾಸದ ಬೇರೆ ದಾಖಲೆ ಸ್ಕ್ಯಾನ್ ಮಾಡಿಟ್ಟುಕೊಂಡು ಕುಳಿತರೆ ಮುಗಿಯುವ ಕೆಲಸ. ಶುಲ್ಕ ನೌಕರರ ಸಂಖ್ಯೆಯನ್ನು ಅನುಸರಿಸುತ್ತದೆ. ಅನುಮೋದನೆಯಾದ ಮೇಲೆ ಫಾರಂ ಸಿ ಎಂಬ ಪ್ರಮಾಣಪತ್ರ ಬರುತ್ತದೆ, ಅದನ್ನು ಗಿರಾಕಿಗಳಿಗೆ ಕಾಣುವ ಹಾಗೆ ಗೋಡೆಗೆ ಹಾಕಿ. ಅರ್ಜಿ ಸಿಕ್ಕಿಬೀಳುವುದು ಸಾಮಾನ್ಯವಾಗಿ ಹೆಸರಿನಲ್ಲಿ. ಬಾಡಿಗೆ ಕರಾರು ಯಜಮಾನರ ಹೆಸರಿನಲ್ಲಿ, ಪಾನ್ ಹೆಂಡತಿಯದ್ದು, ಬೋರ್ಡಿನಲ್ಲಿ ಮೂರನೆಯದೇ ಹೆಸರು. ಅರ್ಜಿಗೆ ಮೊದಲೇ ಇವನ್ನು ಹೊಂದಿಸಿಕೊಳ್ಳಿ. ಮೊದಲೇ ನೋಂದಣಿ ಇದ್ದವರು ಅದರ ಅವಧಿ ಮುಗಿದಿಲ್ಲವೇ ನೋಡಿ, ನೌಕರರ ಸಂಖ್ಯೆ ಸೊನ್ನೆ ಎಂದಿದ್ದರೆ ತಿದ್ದಿಸಿ.

ವೃತ್ತಿ ತೆರಿಗೆಯ ಮಾತೂ ಇಲ್ಲೇ ಬರುತ್ತದೆ. ಕರ್ನಾಟಕದಲ್ಲಿ ತಿಂಗಳ ಸಂಬಳ 25,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ನೌಕರನಿಂದ ತಿಂಗಳಿಗೆ 200, ಫೆಬ್ರವರಿಯಲ್ಲಿ 300 ಮುರಿದು ಕಟ್ಟಬೇಕು. ನಮ್ಮ ಹುಡುಗನಿಗೆ ಅದು ಬರುವುದಿಲ್ಲ.

ಇಎಸ್‌ಐ ಇಲ್ಲ ಎಂದರೆ ನಿಶ್ಚಿಂತೆ ಎಂದು ಅರ್ಥವಲ್ಲ. ಇಎಸ್‌ಐ ವ್ಯಾಪ್ತಿಯಲ್ಲಿ ಇಲ್ಲದ ಕಡೆ ಕೆಲಸದಲ್ಲಿ ಅಪಘಾತವಾದರೆ ಪರಿಹಾರದ ಹೊರೆ ನೇರ ಮಾಲೀಕರ ತಲೆಗೆ ಬರಬಹುದು. ಯಂತ್ರದ ಬಾಯಿಗೆ ಕೈ ಹಾಕುವ ಕೆಲಸ ಇರುವ ಅಂಗಡಿಗೆ ಒಂದು ವರ್ಕ್‌ಮೆನ್ ಕಾಂಪೆನ್ಸೇಷನ್ ಪಾಲಿಸಿ ಮಾಡಿಸಿ ಎಂದು ನಾನು ಒತ್ತಿ ಹೇಳುತ್ತೇನೆ. ಏಜೆಂಟರ ಬಾಯಲ್ಲಿ ಅದು ‘ಡಬ್ಲ್ಯುಸಿ ಪಾಲಿಸಿ’. ಅದರಲ್ಲಿ ಕೆಲಸದ ವಿವರ ‘ಸೇಲ್ಸ್’ ಎಂದಷ್ಟೇ ಬರೆಸಬೇಡಿ, ಯಂತ್ರ ನಡೆಸುತ್ತಾನೆ ಎಂದೂ ಬರೆಸಿ. ಇಲ್ಲದಿದ್ದರೆ ಬೆರಳಿಗೆ ಪೆಟ್ಟಾದ ದಿನ ಕ್ಲೇಮು ಅಲ್ಲೇ ತಕರಾರಿಗೆ ಬೀಳುತ್ತದೆ. ಆಹಾರ ಪದಾರ್ಥದ ಅಂಗಡಿಯಾದ್ದರಿಂದ ಹುಡುಗನ ವೈದ್ಯಕೀಯ ತಪಾಸಣೆಯ ಪ್ರಮಾಣಪತ್ರವನ್ನೂ ಮಾಡಿಸಿ ಫೈಲಿಗೆ ಸೇರಿಸಿ.

ನೇಮಕಾತಿ ಆದೇಶ

ಅಂಗಡಿ ಕಾಯ್ದೆಯ 6-ಎ ಕಲಮಿನಂತೆ ಕೆಲಸಕ್ಕೆ ಸೇರಿದ 30 ದಿನದೊಳಗೆ ನೇಮಕಾತಿ ಆದೇಶ ಕೊಡಬೇಕು. ಅದರ ನಮೂನೆ ಫಾರಂ ಕ್ಯೂ. ನೂರು ರೂಪಾಯಿಯ ಬಾಂಡ್ ಪೇಪರ್ ಬೇಕಾಗಿಲ್ಲ, ನೋಟರಿ ಬೇಕಾಗಿಲ್ಲ, ಬಿಳಿ ಹಾಳೆ ಸಾಕು. ಹುಡುಗನಿಗೆ ಓದಲು ಬರುವ ಭಾಷೆಯಲ್ಲಿರಲಿ, ಅಂದರೆ ಇಲ್ಲಿ ಕನ್ನಡದಲ್ಲಿ. ಅಂತರ್ಜಾಲದಿಂದ ಇಳಿಸಿದ ಎಂಟು ಪುಟದ ಸಾಫ್ಟ್‌ವೇರ್ ಕಂಪನಿಯ ಪತ್ರಕ್ಕೆ ಕಾಫಿ ಪುಡಿ ಅಂಗಡಿಯ ಸೀಲು ಹೊಡೆದದ್ದನ್ನೂ ನೋಡಿದ್ದೇನೆ. ಅದರಿಂದ ಯಾರಿಗೂ ಉಪಯೋಗವಿಲ್ಲ.

ಬರೆಯುವ ಮೊದಲು ವಯಸ್ಸಿನ ದಾಖಲೆ ನೋಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹುಟ್ಟಿದ ದಿನಾಂಕ ಇರುತ್ತದೆ, ಆಧಾರ್ ಜೊತೆ ತಾಳೆ ಹಾಕಿ. 14 ತುಂಬದವರನ್ನು ಇಟ್ಟುಕೊಳ್ಳುವುದು ಅಪರಾಧ. 18 ತುಂಬದವರಿಗೆ ಬೇರೆಯೇ ನಿರ್ಬಂಧಗಳಿವೆ, ಯಂತ್ರವಿರುವ ಅಂಗಡಿಗೆ ಅವರ ಸಹವಾಸ ಬೇಡ. ಜೆರಾಕ್ಸ್ ಇಟ್ಟುಕೊಂಡು ಮೂಲ ಪ್ರತಿಯನ್ನು ಆಗಲೇ ವಾಪಸ್ ಕೊಡಿ. “ಓಡಿಹೋಗದಿರಲಿ” ಅಂತ ಅಂಕಪಟ್ಟಿ ಒತ್ತೆ ಇಟ್ಟುಕೊಳ್ಳುವುದು, ಮುಂಗಡ ಠೇವಣಿ ಕೇಳುವುದು ನಮ್ಮ ಕಡೆ ರೂಢಿಯಲ್ಲಿದೆ. ಎರಡೂ ಆಗದ ಮಾತು.

ನಮ್ಮ ಅಂಗಡಿಯ ಆದೇಶ ಹೀಗಿರುತ್ತದೆ:

ನೇಮಕಾತಿ ಆದೇಶ
ಸಂಸ್ಥೆಯ ಹೆಸರು, ವಿಳಾಸ: …
ಮಾಲೀಕರ ಹೆಸರು: …
ನೌಕರರ ಹೆಸರು, ತಂದೆಯ ಹೆಸರು: …
ಅಂಚೆ ವಿಳಾಸ: …
ಹುಟ್ಟಿದ ದಿನಾಂಕ: …
ಕೆಲಸಕ್ಕೆ ಸೇರಿದ ದಿನಾಂಕ: ಆಗಸ್ಟ್ 1
ಹುದ್ದೆ: ಮಾರಾಟ ಸಹಾಯಕ
ಕೆಲಸದ ಸ್ವರೂಪ: ಕಾಫಿ ಬೀಜ ಪುಡಿ ಮಾಡುವುದು, ತೂಕ ಮಾಡಿ ಕಟ್ಟಿಕೊಡುವುದು, ಬಿಲ್ ಬರೆಯುವುದು
ನೌಕರರ ವಹಿಯಲ್ಲಿ ಕ್ರಮ ಸಂಖ್ಯೆ: 1
ವೇತನ: ತಿಂಗಳಿಗೆ ರೂ. 20,800 (ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ). ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಬ್ಯಾಂಕ್ ಖಾತೆಗೆ
ಕೆಲಸದ ಹೊತ್ತು: ಬೆಳಿಗ್ಗೆ 10ರಿಂದ ಸಂಜೆ 7, ಮಧ್ಯಾಹ್ನ 2ರಿಂದ 3 ಬಿಡುವು, ಮಂಗಳವಾರ ರಜೆ
ಮಾಲೀಕರ ಸಹಿ, ದಿನಾಂಕ
ಒಂದು ಪ್ರತಿ ಪಡೆದಿದ್ದೇನೆ: ನೌಕರರ ಸಹಿ, ದಿನಾಂಕ

ವೇತನದ ಸಾಲಿನವರೆಗಿನ ವಿವರ ಫಾರಂ ಕ್ಯೂ ಕೇಳುವಂಥದ್ದು. ಕೆಲಸದ ಹೊತ್ತಿನ ಸಾಲನ್ನು ನಾನು ಸೇರಿಸುತ್ತೇನೆ, ಏಕೆಂದರೆ ಓವರ್‌ಟೈಮ್ ಜಗಳ ಶುರುವಾಗುವುದೇ “ಏಳಕ್ಕೆ ಬಿಡ್ತೀನಿ ಅಂತ ಹೇಳಿರ್ಲಿಲ್ಲ” ಎಂಬಲ್ಲಿಂದ. ಕಡೆಯ ಸಾಲು ಎಲ್ಲಕ್ಕಿಂತ ಮುಖ್ಯ. ಎರಡು ಪ್ರತಿ ಮಾಡಿ, ಅವನ ಸಹಿ ಇರುವುದನ್ನು ನೀವು ಇಟ್ಟುಕೊಳ್ಳಿ. ‘ಕೆಲಸದ ಸ್ವರೂಪ’ದಲ್ಲಿ ಯಂತ್ರದ ಕೆಲಸವನ್ನು ಮುಚ್ಚಿಡಬೇಡಿ, ವಿಮೆಯ ಕಾಗದಕ್ಕೂ ಇದಕ್ಕೂ ತಾಳೆಯಾಗಬೇಕು.

ಪ್ರೊಬೇಷನ್ ಬೇಕೆಂದರೆ ಒಂದು ಸಾಲು ಸೇರಿಸಬಹುದು. ಆದರೆ ಪ್ರೊಬೇಷನ್ ಎಂದ ಮಾತ್ರಕ್ಕೆ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುವಂತಿಲ್ಲ, ವಾರದ ರಜೆ ತಪ್ಪಿಸುವಂತಿಲ್ಲ. “ಮೂರು ತಿಂಗಳು ಕೆಲಸ ಕಲೀಲಿ, ಆಮೇಲೆ ಸಂಬಳ” ಎನ್ನುವ ಹಳೆಯ ಪದ್ಧತಿಗೆ ಈಗ ಜಾಗವಿಲ್ಲ.

ವಹಿ: ದಿನದ ಕೆಲಸ ಅಂದೇ

ಅಂಗಡಿ ಕಾಯ್ದೆಯ ನಿಯಮಗಳಲ್ಲಿ ಹಾಜರಿ ಮತ್ತು ವೇತನ ಎರಡನ್ನೂ ಒಟ್ಟಿಗೆ ಬರೆಯುವ ಫಾರಂ ಟಿ ಎಂಬ ನಮೂನೆ ಇದೆ. ಒಬ್ಬ ನೌಕರನಿಗೆ ತಿಂಗಳಿಗೆ ಒಂದೇ ಸಾಲು. ಎಡಗಡೆ ಹೆಸರು, ನಡುವೆ 1ರಿಂದ 31ರವರೆಗೆ ಮನೆಗಳು, ಬಲಗಡೆ ಗಳಿಕೆ, ಕಡಿತ, ಕೈಗೆ ಬಂದದ್ದು, ಸಹಿ. ಕಂಪ್ಯೂಟರಿನಲ್ಲಿ ಇಡುವವರು ತಿಂಗಳ ಕೊನೆಗೆ ಮುದ್ರಿಸಿ ಸಹಿ ಹಾಕಿಸಿ.

ವಹಿ ಕೆಡುವುದು ತಿಂಗಳ ಕೊನೆಗೆ ಒಟ್ಟಿಗೆ ಬರೆದಾಗ. ಒಂದೇ ಪೆನ್ನು, ಒಂದೇ ಕೈ, 26 ದಿನವೂ ‘ಹಾ’ ‘ಹಾ’ ‘ಹಾ’. ಕಾರ್ಮಿಕ ನಿರೀಕ್ಷಕರು ಒಂದು ನೋಟದಲ್ಲಿ ಹಿಡಿಯುತ್ತಾರೆ. ನಿಜವಾದ ವಹಿಯಲ್ಲಿ ಶಾಯಿ ಬದಲಾಗಿರುತ್ತದೆ, ಎಲ್ಲೋ ಒಂದು ಕಡೆ ಹೊಡೆದು ಬರೆದು ಪಕ್ಕದಲ್ಲಿ ಚಿಕ್ಕ ಸಹಿ ಇರುತ್ತದೆ. ವೈಟ್‌ನರ್ ಮಾತ್ರ ಹತ್ತಿರ ಸೇರಿಸಬೇಡಿ.

ಈಗ ಅಕ್ಟೋಬರ್ ತಿಂಗಳನ್ನೇ ತೆಗೆದುಕೊಳ್ಳೋಣ. ಮೈಸೂರಿನ ಅಂಗಡಿಗೆ ಇದಕ್ಕಿಂತ ಗಜಿಬಿಜಿಯ ತಿಂಗಳಿಲ್ಲ, ಲೆಕ್ಕವೂ ಇಲ್ಲೇ ಎಡವುವುದು. ಈ ಸಲ ದಸರಾ ಅಕ್ಟೋಬರ್‌ನಲ್ಲೇ ಬಂದಿದೆ ಎಂದುಕೊಳ್ಳಿ.

ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಬಗ್ಗೆ ನಮ್ಮ ರಾಜ್ಯದಲ್ಲಿ 1963ರ ಒಂದು ಕಾಯ್ದೆ ಇದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಇವುಗಳ ಜೊತೆ ಐದು ಹಬ್ಬದ ದಿನ ಸಂಬಳ ಸಹಿತ ರಜೆ. ನಮ್ಮ ಅಂಗಡಿ ಆ ಐದರಲ್ಲಿ ವಿಜಯದಶಮಿಯನ್ನೂ ಸೇರಿಸಿಕೊಂಡಿದೆ. ಆದರೆ ಜಂಬೂಸವಾರಿಗೆ ಬಂದ ನೆಂಟರೆಲ್ಲ ಪುಡಿ ಕಟ್ಟಿಸಿಕೊಂಡು ಹೋಗುವ ದಿನ ಅಂಗಡಿ ಮುಚ್ಚಲು ಯಾರಿಗೆ ಮನಸ್ಸು ಬರುತ್ತದೆ? ಹುಡುಗ ಅಂದು ಬಂದು ಕೆಲಸ ಮಾಡಿದ. ಹಾಗೆ ಬಂದರೆ ಒಂದೋ ಅಂದಿನದು ದುಪ್ಪಟ್ಟು ಸಂಬಳ, ಇಲ್ಲವೇ ಮಾಮೂಲು ಸಂಬಳದ ಜೊತೆ ಬೇರೆ ದಿನ ಸಂಬಳ ಸಹಿತ ರಜೆ. ಮಾಲಕಿ ದುಪ್ಪಟ್ಟು ಕೊಡಲು ಒಪ್ಪಿದರು. ತಿಂಗಳ ಸಂಬಳದಲ್ಲಿ ಅಂದಿನ ಒಂದು ಪಾಲು ಈಗಾಗಲೇ ಇದೆ. ಹಾಗಾಗಿ ಮೇಲೆ ಸೇರುವುದು 800, ಎರಡು ಪಟ್ಟು 1,600 ಅಲ್ಲ.

ಹಬ್ಬದ ಮುಂಚಿನ ವಾರ ನಾಲ್ಕು ದಿನ ಬೆಳಿಗ್ಗೆ 9ಕ್ಕೇ ಬಂದು ರಾತ್ರಿ 8ರವರೆಗೆ ನಿಂತ, ದಿನಕ್ಕೆ ಎರಡು ಗಂಟೆ ಹೆಚ್ಚು. ಓವರ್‌ಟೈಮ್ ದರ ಮಾಮೂಲಿನ ಎರಡರಷ್ಟು, ಗಂಟೆಗೆ 200. ಎಂಟು ಗಂಟೆಗೆ 1,600. ಓವರ್‌ಟೈಮ್ ಸೇರಿ ದಿನಕ್ಕೆ 10 ಗಂಟೆ ಮೀರಬಾರದು, ಮೂರು ತಿಂಗಳಲ್ಲಿ ಓವರ್‌ಟೈಮ್ ಒಟ್ಟು 50 ಗಂಟೆ ದಾಟಬಾರದು. ಆ ನಾಲ್ಕು ದಿನದ ಮನೆಗಳಲ್ಲಿ ‘ಹಾ’ ಜೊತೆ ‘+2’ ಎಂದು ಅಂದಂದೇ ಬರೆದಿರಬೇಕು.

ತಿಂಗಳ ಕೊನೆಯ ವಾರ ಒಂದು ದಿನ ಹೇಳದೆ ಕೇಳದೆ ಬರಲಿಲ್ಲ. 800 ಕಡಿತ. ಜ್ವರ ಎಂದು ಫೋನ್ ಮಾಡಿ ತಿಳಿಸಿದ್ದರೆ ಕತೆ ಬೇರೆ. ಕಾಯಿಲೆಗೆ ಅಥವಾ ಬೇರೆ ಸಮಂಜಸ ಕಾರಣಕ್ಕೆ ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ರಜೆಗೆ ಅವನಿಗೆ ಹಕ್ಕಿದೆ, ಆಗ ಕಡಿತ ಮಾಡುವಂತಿಲ್ಲ. ದುಡಿದ 20 ದಿನಕ್ಕೆ ಒಂದರಂತೆ ಬರುವ ಗಳಿಕೆ ರಜೆ ಅದಕ್ಕಿಂತ ಪ್ರತ್ಯೇಕ. ರಜೆಗೇ ಒಂದು ಪುಟ ಇಟ್ಟು, ಉಳಿದದ್ದೆಷ್ಟು ಎಂದು ಬರೆಯುತ್ತಾ ಹೋಗಿ. ಸೆಪ್ಟೆಂಬರ್‌ನಲ್ಲಿ ಅವನು ಮುಂಗಡ ತೆಗೆದುಕೊಂಡಿದ್ದ, ಅದರಲ್ಲಿ ಈ ತಿಂಗಳು 1,500 ಮುರಿಯುವುದು ಎಂದು ಮಾತಾಗಿತ್ತು. ಮುಂಗಡ ಕೊಟ್ಟ ದಿನವೇ ಸಹಿ ಹಾಕಿಸಿಕೊಂಡ ಚೀಟಿ ಇದ್ದರೆ ಮಾತ್ರ ಈ ಕಡಿತಕ್ಕೆ ಬಲ.

ಒಟ್ಟು ಹೀಗಾಯಿತು: ಸಂಬಳ 20,800, ಓವರ್‌ಟೈಮ್ 1,600, ವಿಜಯದಶಮಿಯ ಹೆಚ್ಚುವರಿ 800, ಗಳಿಕೆ 23,200. ಅದರಲ್ಲಿ ಗೈರುಹಾಜರಿಯ 800 ಮತ್ತು ಮುಂಗಡದ 1,500 ಸೇರಿ 2,300 ಕಳೆದರೆ ಕೈಗೆ 20,900. ಇಷ್ಟನ್ನೇ ಒಂದು ಸಣ್ಣ ವೇತನ ಚೀಟಿಯಲ್ಲಿ ಬರೆದು ಅವನಿಗೆ ಕೊಡಬೇಕು. ಮೊಬೈಲಿಗೆ ಕಳಿಸಿದರೂ ಆದೀತು, ಆದರೆ ನಿಮ್ಮ ಬಳಿ ಪ್ರತಿ ಉಳಿಯಬೇಕು.

ಇಲ್ಲದ ಕಡಿತ ಹುಟ್ಟಿಸುವುದು ಇನ್ನೊಂದು ಪಜೀತಿ. ಗಾಜಿನ ಭರಣಿ ಒಡೆಯಿತು, ಗಲ್ಲಾಪೆಟ್ಟಿಗೆಯಲ್ಲಿ 300 ಕಡಿಮೆ ಬಂತು ಎಂದು ನೇರ ಸಂಬಳದಿಂದ ಹಿಡಿಯುವುದು ಸಲ್ಲದು. ಅವನ ವಶಕ್ಕೆ ಒಪ್ಪಿಸಿದ ವಸ್ತು ಅಥವಾ ಹಣ ಅವನ ಅಜಾಗರೂಕತೆಯಿಂದಲೇ ಹೋಗಿರಬೇಕು, ಅವನ ಸಮಜಾಯಿಷಿ ಕೇಳಿರಬೇಕು. ಎಲ್ಲ ಕಡಿತ ಕೂಡಿ ವೇತನದ ಅರ್ಧ ಮೀರಬಾರದು.

ಹಣ ಕೊಡುವ ಬಗೆ

ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಸೇರಬೇಕು. ನಗದು ಕೊಡಲು ಕಾರ್ಮಿಕ ಕಾನೂನಿನ ಅಡ್ಡಿಯಿಲ್ಲ, ಆದರೆ ಆದಾಯ ತೆರಿಗೆಯವರದ್ದು ಬೇರೆ ಲೆಕ್ಕ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಆ ಮೊತ್ತ ವ್ಯಾಪಾರದ ಖರ್ಚಾಗಿ ಒಪ್ಪಿಗೆಯಾಗುವುದಿಲ್ಲ. ಅಂದಾಜು ಲಾಭದ ಮೇಲೆ ರಿಟರ್ನ್ಸ್ ಹಾಕುವವರಿಗೆ ಇದು ತಟ್ಟದು, ಪೂರ್ತಿ ಲೆಕ್ಕ ಇಡುವವರಿಗೆ ತಟ್ಟುತ್ತದೆ. ಅದಕ್ಕೇ ಬ್ಯಾಂಕ್ ವರ್ಗಾವಣೆಯೇ ವಾಸಿ. ಯುಪಿಐ ಆದರೆ ಅಂಗಡಿಯ ಖಾತೆಯಿಂದ, ಅವನದೇ ಖಾತೆಗೆ, ‘ಅಕ್ಟೋಬರ್ ಸಂಬಳ’ ಎಂದು ಷರಾ ಬರೆದು ಕಳಿಸಿ. ಯಜಮಾನರ ಮೊಬೈಲಿನಿಂದ ಹುಡುಗನ ಭಾವನ ನಂಬರಿಗೆ ಹೋದ ದುಡ್ಡನ್ನು ಆಮೇಲೆ ಸಂಬಳ ಎಂದು ತೋರಿಸಲು ಹೆಣಗಾಡಬೇಕಾಗುತ್ತದೆ.

ಕೆಲಸ ಬಿಟ್ಟರೆ, ಬಿಡಿಸಿದರೆ

ಆರು ತಿಂಗಳು ಸತತವಾಗಿ ಕೆಲಸ ಮಾಡಿದ ನೌಕರನನ್ನು ಸಕಾರಣವಿಲ್ಲದೆ ತೆಗೆಯುವಂತಿಲ್ಲ. ಕಾರಣವಿದ್ದರೂ ಒಂದು ತಿಂಗಳ ನೋಟಿಸು ಅಥವಾ ಅದರ ಬದಲು ಒಂದು ತಿಂಗಳ ಸಂಬಳ ಕೊಡಬೇಕು, ಅದೂ ಬರವಣಿಗೆಯಲ್ಲಿರಲಿ. ಅವನಾಗಿಯೇ ಬಿಟ್ಟರೂ ನೀವೇ ಬಿಡಿಸಿದರೂ ಬಾಕಿ ಸಂಬಳವನ್ನು ಎರಡು ಕೆಲಸದ ದಿನದೊಳಗೆ ತೀರಿಸಬೇಕು. “ಮುಂದಿನ ತಿಂಗಳು ಏಳನೇ ತಾರೀಖು ಬಾ” ಎಂದು ಕಳಿಸುವುದು ಈಗ ನಡೆಯುವುದಿಲ್ಲ. ಕೊನೆಯ ಲೆಕ್ಕದ ಹಾಳೆಯಲ್ಲಿ ಆ ತಿಂಗಳು ದುಡಿದ ದಿನಗಳು, ಓವರ್‌ಟೈಮ್, ಉಳಿದ ಗಳಿಕೆ ರಜೆ, ತೀರದ ಮುಂಗಡ ಬಿಡಿಬಿಡಿಯಾಗಿ ಬರಲಿ. ಅವನು ಸಹಿ ಹಾಕಲು ಒಪ್ಪದಿದ್ದರೆ ಹಣವನ್ನು ಖಾತೆಗೆ ಹಾಕಿ, ಲೆಕ್ಕದ ಪ್ರತಿಯನ್ನು ನೇಮಕಾತಿ ಆದೇಶದಲ್ಲಿರುವ ಅಂಚೆ ವಿಳಾಸಕ್ಕೆ ಕಳಿಸಿ ರಸೀದಿ ಫೈಲಿಗೆ ಹಾಕಿ.